ಬೋರ್ಡಿನ ಐದನೇ ಸಾಲು

ರೇಡಿಯೊ ಮೆಕ್ಯಾನಿಕ್ ಅಂಗಡಿಯ ಬೋರ್ಡಿನಲ್ಲಿ ಮೂವತ್ತನಾಲ್ಕು ವರ್ಷಗಳಲ್ಲಿ ಸೇರಿದ್ದು ನಾಲ್ಕೇ ಸಾಲು: ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ., ಮಿಕ್ಸರ್. ಇದಕ್ಕೆ ಮೆಕ್ಯಾನಿಕ್ ಅವರ ಸೋಮಾರಿತನ ಕಾರಣವಲ್ಲ, ಒಂದು ನೇಮ ಕಾರಣ. ಹೊಸ ವಸ್ತುವಿನ ಹೆಸರು ಬೋರ್ಡಿಗೆ ಏರಬೇಕಾದರೆ ಮೊದಲು ಅಂಥದ್ದೊಂದು ಅವರ ಕೈಯಲ್ಲೇ ಸರಿಯಾಗಿ, ಅದರ ಯಜಮಾನರು ಒಪ್ಪಿಕೊಂಡು, ಅಂಗಡಿಯ ಹೊಸ್ತಿಲು ದಾಟಬೇಕು. ಮಾಡದ ಕೆಲಸವನ್ನು ಬರೆಸುವುದೂ ಸುಳ್ಳು ಸಾಕ್ಷಿ ಹೇಳುವುದೂ ಒಂದೇ ಎಂದು ಅವರು ನಂಬಿದ್ದರು. ಮೊಬೈಲ್ ರಿಪೇರಿಯವರು ಎದುರಿಗೆ ಮೂರು ಜನ ಬಂದು, ಇಬ್ಬರು ಹೋಗಿ, ಒಬ್ಬ ಉಳಿದಿದ್ದರೂ ಅವರ ಬೋರ್ಡಿನಲ್ಲಿ ಮೊಬೈಲ್ ಇರಲಿಲ್ಲ.

ಆ ಶನಿವಾರ ಐದನೇ ಸಾಲು ಬರುವುದಿತ್ತು. ಬೋರ್ಡಿನ ಬಣ್ಣ ಪೂರ್ತಿ ಎದ್ದುಹೋಗಿದ್ದರಿಂದ ಪೇಂಟರ್ ಬೆಳಗ್ಗೆ ಒಂಬತ್ತಕ್ಕೇ ಏಣಿ ಹಾಕಿ, ಹಳೆಯ ನಾಲ್ಕು ಸಾಲುಗಳನ್ನು ಮತ್ತೆ ಬರೆಯತೊಡಗಿದ್ದ. ಕೆಳಗೆ ಒಂದು ಸಾಲಿನ ಜಾಗ ಖಾಲಿ. ಅಲ್ಲಿ ‘ಕಂಪ್ಯೂಟರ್ ಜೋಡಣೆ’ ಎಂದು ಬರಬೇಕು. ಬರುವುದೋ ಬಿಡುವುದೋ ಅಂಗಡಿಯೊಳಗಿನ ಮೇಜಿನ ಮೇಲೆ ತೀರ್ಮಾನವಾಗಬೇಕು. ಪೇಂಟರ್ ಐದೂವರೆಗೆ ಏಣಿ ಇಳಿಸಿ ಬೇರೆ ಊರಿನ ಕೆಲಸಕ್ಕೆ ಹೊರಡುವವನು. ಮತ್ತೆ ಸಿಗುವುದು ಯಾವಾಗಲೋ ಅವನಿಗೇ ಗೊತ್ತಿರಲಿಲ್ಲ.

ಮೇಜಿನ ಮೇಲಿದ್ದದ್ದು ಪುಸ್ತಕಗಳ ಪುಟ ಕಟ್ಟುವ ಡಿಟಿಪಿ ಮೇಡಂ ಅವರ ಕಂಪ್ಯೂಟರ್. ಅವರ ಹಳೆಯ ರೇಡಿಯೊವನ್ನು ಮೆಕ್ಯಾನಿಕ್ ಎರಡು ಸಲ ಬದುಕಿಸಿದ್ದರು. ಆ ನಂಬಿಕೆಯ ಮೇಲೆ ಮೇಡಂ ತಮ್ಮ ಕೈಯಾರೆ ಬಿಡಿಭಾಗಗಳ ಪಟ್ಟಿ ಬರೆದುಕೊಟ್ಟು, “ಇದಿಷ್ಟನ್ನ ತರಿಸಿ ಜೋಡಿಸಿಕೊಡಿ ಸರ್, ಶನಿವಾರ ಐದಕ್ಕೆ ಬರ್ತೀನಿ,” ಎಂದು ಹೋಗಿದ್ದರು. ಪಟ್ಟಿಯಲ್ಲಿ ಎಂಟು ಸಾಲು. ಮದರ್‌ಬೋರ್ಡ್, ಪ್ರೊಸೆಸರ್, ಅದರ ಫ್ಯಾನು, ರ್‍ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್. ಒಂದೊಂದು ಡಬ್ಬಿ ಬಂದಂತೆ ಮೆಕ್ಯಾನಿಕ್ ಒಂದೊಂದರ ಮುಂದೆ ಟಿಕ್ ಹಾಕಿದ್ದರು. ಎಂಟನೇ ಸಾಲು ‘ಓ.ಎಸ್.: ಬೇಡ’ ಎಂದಿತ್ತು. ಬೇಡ ಎಂದಿತ್ತು, ಬಂದಿರಲಿಲ್ಲ. ಲೆಕ್ಕ ಸರಿಯಾಗಿತ್ತು. ಅದಕ್ಕೂ ಟಿಕ್ ಹಾಕಿ, ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿದರು.

ಜೋಡಣೆಯಲ್ಲಿ ತಪ್ಪು ಹುಡುಕುವವರು ಹುಟ್ಟಿ ಬರಬೇಕಿತ್ತು. ಮದರ್‌ಬೋರ್ಡಿನ ಕೈಪಿಡಿಯನ್ನು ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಯಾರೂ ಓದದ ಎಚ್ಚರಿಕೆಗಳನ್ನೂ ಸೇರಿಸಿ ಓದಿದ್ದರು. ಪ್ರೊಸೆಸರನ್ನು ಮೂಲೆಯ ತ್ರಿಕೋನ ನೋಡಿ ಕೂರಿಸಿದ್ದರು. ಕಡ್ಡಿಪೆಟ್ಟಿಗೆಗಿಂತ ಸ್ವಲ್ಪ ಉದ್ದದ ಪಟ್ಟಿಯಂಥ ಎಸ್‌ಎಸ್‌ಡಿಯನ್ನು , ಅಂದರೆ ಎಲ್ಲವನ್ನೂ ಉಳಿಸಿಡುವ ಡಿಸ್ಕನ್ನು, ಓರೆಯಾಗಿ ಸಿಕ್ಕಿಸಿ, ಕೆಳಗೆ ಒತ್ತಿ, ಎಳ್ಳಿನಷ್ಟು ದೊಡ್ಡ ತಿರುಪು ಹಾಕಿದ್ದರು. ತಂತಿಗಳನ್ನು ಜಡೆ ಹೆಣೆದಂತೆ ಕಟ್ಟಿದ್ದರು.

ಅಂಗಡಿಯಲ್ಲಿದ್ದ ಟಿ.ವಿ.ಯನ್ನೇ ಪರದೆಯಾಗಿಸಿ, ಎರವಲು ತಂದ ಕೀಬೋರ್ಡ್ ಸಿಕ್ಕಿಸಿ, ಹತ್ತು ಗಂಟೆಗೆ ಗುಂಡಿ ಒತ್ತಿದರು. ಫ್ಯಾನುಗಳು ತಿರುಗಿದವು. ಪರದೆಯ ಮೇಲೆ ಮದರ್‌ಬೋರ್ಡ್ ತಯಾರಕರ ಗುರುತು ಮೂಡಿತು.

“ಬರೀಲಾ ಅಣ್ಣಾ?” ಪೇಂಟರ್ ಏಣಿಯ ಮೇಲಿಂದ ಬಗ್ಗಿ ಕೇಳಿದ.

“ತಡಿ.”

ಗುರುತು ಹೋಗಿ ಕಪ್ಪು ಪರದೆ ಬಂತು. ಮೇಲಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬಿಳಿ ಅಕ್ಷರದ ಎರಡು ಸಾಲು: ಬೂಟ್ ಆಗಬಲ್ಲ ಸಾಧನ ಸಿಗಲಿಲ್ಲ. ಸಾಧನ ಸೇರಿಸಿ ಯಾವುದಾದರೂ ಕೀ ಒತ್ತಿ.

ಮೆಕ್ಯಾನಿಕ್ ಒಂದು ಕೀ ಒತ್ತಿದರು. ಅದೇ ಎರಡು ಸಾಲು ಮತ್ತೆ ಬಂತು. ಇನ್ನೊಂದು ಒತ್ತಿದರು. ಯಾವುದಾದರೂ ಎಂದಿತ್ತು, ಅವರು ಯಾವುದನ್ನೂ ಬಿಡಲಿಲ್ಲ. ಕೀಬೋರ್ಡಿನಲ್ಲಿ ನೂರನಾಲ್ಕು ಕೀಗಳಿದ್ದವು. ಪರದೆ ತನ್ನ ಮಾತು ಬದಲಿಸಲಿಲ್ಲ.

ರೇಡಿಯೊ ಕಟ್ಟಿದವರಿಗೆ ಒಂದು ಪಾಠ ರಕ್ತದಲ್ಲೇ ಇಳಿದಿರುತ್ತದೆ. ಎಲ್ಲ ಭಾಗ ಸರಿಯಿದ್ದು, ಎಲ್ಲ ಬೆಸುಗೆ ಸರಿಯಿದ್ದರೆ ಅದು ಹಾಡಲೇಬೇಕು. ಹಾಡಲಿಲ್ಲವೆಂದರೆ ಎಲ್ಲೋ ಒಂದು ಕಡೆ ಸಡಿಲ. ಮೆಕ್ಯಾನಿಕ್ ಕರೆಂಟ್ ತೆಗೆದು ಕ್ಯಾಬಿನೆಟ್ ಬಿಚ್ಚಿದರು. ರ್‍ಯಾಮ್ ತೆಗೆದು ಮತ್ತೆ ಕೂರಿಸಿದರು. ಎಸ್‌ಎಸ್‌ಡಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂರಿಸಿದರು. ಪ್ಲಗ್ಗುಗಳನ್ನೆಲ್ಲ ಕಿತ್ತು ಒಂದೊಂದಾಗಿ ಒತ್ತಿದರು. ಗುಂಡಿ ಒತ್ತಿದರೆ ಅದೇ ಎರಡು ಸಾಲು.

ಎರಡನೇ ಸಲ ಬಿಚ್ಚಿದಾಗ ಮಲ್ಟಿಮೀಟರ್ ಹೊರಬಂತು. ಪವರ್ ಸಪ್ಲೈಯ ಹಳದಿ ತಂತಿಯಲ್ಲಿ ಹನ್ನೆರಡು ವೋಲ್ಟ್ ಇರಬೇಕಿತ್ತು, 12.08 ಇತ್ತು. ಕೆಂಪು ತಂತಿಯಲ್ಲಿ ಐದು ಇರಬೇಕಿತ್ತು, 5.03 ಇತ್ತು. ಇವನ್ನು ಸಮಯ ಸಹಿತ ಒಂದು ಹಾಳೆಯಲ್ಲಿ ಬರೆದುಕೊಂಡರು. ಕೈಪಿಡಿಯಲ್ಲಿ ಹೇಳಿದಂತೆ ಆರಂಭದಲ್ಲೇ ಡಿಲೀಟ್ ಕೀ ಒತ್ತಿ, ಮದರ್‌ಬೋರ್ಡಿನದೇ ಆದ ಸೆಟ್ಟಿಂಗ್ ಪುಟಕ್ಕೂ ಹೋಗಿ ನೋಡಿದರು. ಅಲ್ಲಿ ರ್‍ಯಾಮ್ ಹದಿನಾರು ಜಿಬಿ ಎಂದಿತ್ತು. ಪ್ರೊಸೆಸರ್‌ನ ಬಿಸಿ ಮೂವತ್ತಾರು ಡಿಗ್ರಿ, ಅದೂ ಹಾಳೆಗೆ ಸೇರಿತು. ಎಸ್‌ಎಸ್‌ಡಿಯ ಹೆಸರು, ಅಳತೆ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು.

“ಇದೊಳ್ಳೆ ಕಥೆ,” ಎಂದರು ಅವರು ಬಾಗಿಲಿಗೆ ಬಂದು. “ಡಿಸ್ಕು ಇದೆ ಅಂತಾನೂ ಹೇಳುತ್ತೆ, ಸಿಗ್ಲಿಲ್ಲ ಅಂತಾನೂ ಹೇಳುತ್ತೆ.”

“ನಮ್ಮ ಮಾವ ಹೀಗೇ,” ಎಂದ ಪೇಂಟರ್. “ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತಾರೆ. ಅಲ್ಲಾ ಅಣ್ಣಾ, ‘ಕಂಪ್ಯೂಟರ್’ ಅಂತ ಬರೆದು ಬಿಟ್ಬಿಡ್ಲಾ? ‘ಜೋಡಣೆ’ ಆಮೇಲೆ ನೋಡ್ಕೊಳ್ಳೋಣ.”

“ಮುಗೀದೆ ಒಂದಕ್ಷರ ಬೇಡ.”

ಮೂರನೇ ಸಲ ಬಿಚ್ಚಿ, ಅಳೆದು, ಜೋಡಿಸುವ ಹೊತ್ತಿಗೆ ಒಂದು ಗಂಟೆ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಅವರ ಹೆಂಡತಿ ಬಂದರು. ಶಾಲೆಯ ಕಚೇರಿಯಲ್ಲಿ ಅವರು ಗುಮಾಸ್ತೆ. ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ಮುಂದೆಯೇ ಕುಳಿತವರು. ಪರದೆ ನೋಡಿದರು, ಗಂಡನ ಮುಖ ನೋಡಿದರು, ಮೇಜಿನ ಮೇಲಿನ ವೋಲ್ಟೇಜ್ ಹಾಳೆ ನೋಡಿದರು.

“ಓ.ಎಸ್. ಹಾಕಿದೀರಾ?”

“ಅದನ್ನ ಎಲ್ಲಿ ಫಿಟ್ ಮಾಡ್ಬೇಕು?”

“ಫಿಟ್ ಮಾಡೋ ಸಾಮಾನಲ್ಲ ರೀ ಅದು. ಆಪರೇಟಿಂಗ್ ಸಿಸ್ಟಮ್ಮು. ಕಚೇರಿಗೆ ಮೇಜು, ಕುರ್ಚಿ, ಬೀರು ಎಲ್ಲಾ ತಂದು ಜೋಡಿಸಿದೀರಿ. ಗುಮಾಸ್ತನೇ ಬಂದಿಲ್ಲ. ಬೀಗ ತೆಗೆದು ಒಳಗೆ ನೋಡಿದ್ರೆ ಕೂತಿರೋರು ಯಾರು?”

“ಪಟ್ಟಿಲಿ ಇರೋದೆಲ್ಲ ಬಂದಿದೆ. ಎಂಟಕ್ಕೂ ಟಿಕ್ ಹಾಕಿದೀನಿ.”

ಗಂಡನ ಟಿಕ್ ಎಂಥದ್ದೆಂದು ಮೂವತ್ತು ವರ್ಷಗಳಿಂದ ಬಲ್ಲವರಾದ್ದರಿಂದ ಅವರು ಪಟ್ಟಿಯನ್ನು ನೋಡುವ ಗೋಜಿಗೆ ಹೋಗಲಿಲ್ಲ. ಆ ದಿನದ ದೊಡ್ಡ ತಪ್ಪು ಯಾವುದೆಂದು ಕೇಳಿದರೆ ಅದು ಇದೇ, ಮತ್ತು ಅದು ನಂಬಿಕೆಯಿಂದ ಆದದ್ದು.

ಅವರು ತಮ್ಮ ಲ್ಯಾಪ್‌ಟಾಪ್ ತಂದು, ಶಾಲೆಯಲ್ಲಿರುವಂಥದೇ ಆಪರೇಟಿಂಗ್ ಸಿಸ್ಟಮ್ ಅನ್ನು ಅದರ ತಯಾರಕರ ತಾಣದಿಂದ ಇಳಿಸಲು ಹಚ್ಚಿದರು. ಐದು ಜಿಬಿಗೂ ಹೆಚ್ಚಿನ ಒಂದೇ ಕಡತ. ಫೋನಿನ ಇಂಟರ್‌ನೆಟ್ಟಿನಲ್ಲಿ ಅದು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೂವರೂ ಊಟ ಮಾಡಿದರು. “ಇಳಿದ ಮೇಲೆ ಪೆನ್‌ಡ್ರೈವ್‌ಗೆ ಹಾಕಿ ಚುಚ್ಬೇಕು,” ಎಂದು ಹೇಳಿ ಹೆಂಡತಿ ಪಾತ್ರೆ ತೊಳೆಯಲು ಮಹಡಿಯ ಮೇಲಿನ ಮನೆಗೆ ಹೋದರು.

ಪೆನ್‌ಡ್ರೈವ್‌ಗೆ ಹಾಕುವ ವಿದ್ಯೆಯನ್ನು ಮೆಕ್ಯಾನಿಕ್‌ಗೆ ಯಾರೂ ಕಲಿಸಬೇಕಿರಲಿಲ್ಲ. ಟೇಪ್ ರೆಕಾರ್ಡರ್ ಸತ್ತ ಮೇಲೆ ಅಂಗಡಿಯನ್ನು ನಡೆಸಿದ್ದೇ ಕಾರಿನ ಸ್ಟೀರಿಯೊಗಳಿಗೆ ಹಾಡು ತುಂಬಿಕೊಡುವ ಕೆಲಸ. ಹಾಡಿನ ಕಡತವನ್ನು ಎಳೆದು ಬಿಟ್ಟರೆ ಸ್ಟೀರಿಯೊ ಅದನ್ನು ಹುಡುಕಿ ಹಾಡುತ್ತದೆ. ಅವರು ಆ ದೊಡ್ಡ ಕಡತವನ್ನು ಹಾಗೆಯೇ ಎಳೆದು, ಡ್ರಾಯರಿನಲ್ಲಿದ್ದ ಪೆನ್‌ಡ್ರೈವಿನಲ್ಲಿ ಹಾಡುಗಳ ಪಕ್ಕದಲ್ಲಿ ಬಿಟ್ಟರು. ಹೊಸ ಕಂಪ್ಯೂಟರಿಗೆ ಚುಚ್ಚಿ ಗುಂಡಿ ಒತ್ತಿದರು.

ಬೂಟ್ ಆಗಬಲ್ಲ ಸಾಧನ ಸಿಗಲಿಲ್ಲ.

“ಅತ್ತಿಗೇ,” ಪೇಂಟರ್ ಏಣಿಯಿಂದ ಮಹಡಿಯ ಕಿಟಕಿಗೆ ಮುಖ ಮಾಡಿ ಕೂಗಿದ, “ನಿಮ್ಮ ಗುಮಾಸ್ತ ಬಾಗಿಲಲ್ಲೇ ನಿಂತಿದಾನಂತೆ, ಒಳಗೆ ಬರ್ತಿಲ್ವಂತೆ.”

ಹೆಂಡತಿ ಒದ್ದೆ ಕೈ ಒರೆಸಿಕೊಂಡು ಇಳಿದು ಬಂದು, ಶಾಲೆಯ ಕಂಪ್ಯೂಟರ್ ಶಿಕ್ಷಕರಿಗೆ ಫೋನ್ ಮಾಡಿದರು. ಶಿಕ್ಷಕರು ಎರಡು ಮಾತು ಹೇಳಿದರು. ಮೊದಲನೆಯದು, ಕಡತವನ್ನು ಸುಮ್ಮನೆ ನಕಲು ಮಾಡಿದರೆ ಆಗದು. ಆ ಕೆಲಸಕ್ಕೇ ಇರುವ ಸಣ್ಣ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವಿನ ಮೇಲೆ ಬರೆಯಬೇಕು, ಆಗ ಪೆನ್‌ಡ್ರೈವೇ ಬೂಟ್ ಆಗುವ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಸಾಧನವಾಗುತ್ತದೆ, ಅದರಲ್ಲಿದ್ದ ಮಿಕ್ಕದ್ದೆಲ್ಲ ಅಳಿಸಿಹೋಗುತ್ತದೆ. ಎರಡನೆಯದು, ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಯಾವುದರಿಂದ ಮೊದಲು ಏಳಬೇಕೆಂದು ಹೇಳುವ ಬೂಟ್ ಕ್ರಮಕ್ಕೆ ಹೋಗಿ ಪೆನ್‌ಡ್ರೈವಿಗೆ ಮೊದಲ ಸ್ಥಾನ ಕೊಟ್ಟುಬಿಡಿ. ಮೂರನೆಯ ಮಾತೊಂದಿತ್ತು. ಅದನ್ನು ಶಿಕ್ಷಕರು ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುತ್ತದೆಂದು ಬಿಟ್ಟರು.

ಬರೆದಾಯಿತು. ಸಾವಿರದ ನೂರು ಹಾಡು ಅಳಿಸಿಹೋದವು. ಪೆನ್‌ಡ್ರೈವಿಗೆ ಮೊದಲ ಸ್ಥಾನ ಕೊಟ್ಟು, ಉಳಿಸಿ, ಹೊರಬಂದಾಗ ಮೂರು ಗಂಟೆ. ಈ ಸಲ ಕಪ್ಪು ಪರದೆ ಬರಲಿಲ್ಲ. ಯಾವ ಭಾಷೆ ಬೇಕು ಎಂಬ ಪ್ರಶ್ನೆ ಬಂತು.

“ಮಾತಾಡ್ತು,” ಎಂದರು ಮೆಕ್ಯಾನಿಕ್.

“ಇನ್ನು ಕೇಳಿದ್ದಕ್ಕೆ ಉತ್ತರ ಕೊಡ್ತಾ ಹೋಗಿ. ಲೈಸೆನ್ಸ್ ಕೀ ನಂಬರ್ ಕೇಳಿದ್ರೆ ‘ಇಲ್ಲ’ ಅನ್ನಿ, ಆಮೇಲೆ ಮೇಡಂ ಹಾಕ್ಕೊಳ್ಳಲಿ. ನಂಗೆ ಒಂದು ಗಂಟೆ ಕಾಲು ಚಾಚ್ಬೇಕು,” ಎಂದು ಹೆಂಡತಿ ಮತ್ತೆ ಮಹಡಿ ಹತ್ತಿದರು.

ಮೆಕ್ಯಾನಿಕ್ ಉತ್ತರ ಕೊಡುತ್ತ ಹೋದರು. ಎಲ್ಲಿ ಹಾಕಲಿ ಎಂದು ಕೇಳಿದಾಗ ಒಂದೇ ಒಂದು ಸಾಲು ಇತ್ತು: ಹಂಚಿಕೆಯಾಗದ ಜಾಗ. ಅದನ್ನೇ ಆರಿಸಿದರು. ಕಡತಗಳು ಏರತೊಡಗಿದವು. ನಿಮ್ಮ ಕಂಪ್ಯೂಟರ್ ಹಲವು ಬಾರಿ ಮರು ಆರಂಭವಾಗಬಹುದು ಎಂಬ ಸೂಚನೆಯೂ ಕಂಡಿತು. ಸೂಚನೆಗಳನ್ನು ಓದುವ ಮನುಷ್ಯ ಅವರು. ಹಲವು ಬಾರಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಶೇಕಡಾ ನೂರಾಯಿತು. ಕಂಪ್ಯೂಟರ್ ಮರು ಆರಂಭವಾಯಿತು. ಬೂಟ್ ಕ್ರಮದಲ್ಲಿ ಯಾರಿಗೆ ಮೊದಲ ಸ್ಥಾನ ಎಂದು ನೋಡಿತು. ಪೆನ್‌ಡ್ರೈವಿಗೆ. ಯಾವ ಭಾಷೆ ಬೇಕು ಎಂದು ಕೇಳಿತು.

ಮೆಕ್ಯಾನಿಕ್ ಸ್ವಲ್ಪ ಹೊತ್ತು ಯೋಚಿಸಿ ಬಾಗಿಲಿಗೆ ಬಂದರು. “ಮೊದ್ಲಿಂದ ಮತ್ತೆ ಕೇಳ್ತಿದೆಯಲ್ಲೋ.”

ಪೇಂಟರ್ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. “ಅಣ್ಣಾ, ಇದೇ ತಗಡಿಗೆ ನಾನೆಷ್ಟು ಸಲ ಬಳಿದೆ? ಮೊದ್ಲು ಪ್ರೈಮರು. ಅದು ಒಣಗಿದ ಮೇಲೆ ಒಂದು ಕೋಟು. ಅದು ಒಣಗಿದ ಮೇಲೆ ಇನ್ನೊಂದು. ಒಂದೇ ಏಟಿಗೆ ಆಗೋ ಕೆಲಸ ಬಾಳಿಕೆ ಬರಲ್ಲ.”

“ಹಲವು ಬಾರಿ ಅಂತ ಅದೂ ಹೇಳಿದೆ.”

“ಮತ್ತೆ?”

ಎರಡು ಕಸುಬುಗಳ ಅನುಭವ ಒಂದೇ ಮಾತು ಹೇಳುತ್ತಿತ್ತು. ಮೆಕ್ಯಾನಿಕ್ ಒಳಗೆ ಹೋಗಿ ಎರಡನೇ ಸಲ ಅದೇ ಉತ್ತರಗಳನ್ನು ಅದೇ ಕ್ರಮದಲ್ಲಿ ಕೊಟ್ಟರು. ಎಲ್ಲಿ ಹಾಕಲಿ ಎಂಬಲ್ಲಿ ಈಗ ಒಂದರ ಬದಲು ನಾಲ್ಕು ಸಾಲು ಇದ್ದವು. ಕೆಲಸ ಮುಂದುವರಿದಿದೆ ಎಂಬುದಕ್ಕೆ ಅದೇ ಪುರಾವೆ ಎಂದುಕೊಂಡು ದೊಡ್ಡದನ್ನು ಆರಿಸಿದರು. ಅಲ್ಲಿ ಹಿಂದಿನ ಸಿಸ್ಟಮ್ಮಿನ ಕಡತಗಳಿರಬಹುದು, ಅವನ್ನು ಬೇರೆ ಕೋಶಕ್ಕೆ ಸರಿಸಲಾಗುವುದು ಎಂದು ಎಚ್ಚರಿಕೆ ಬಂತು. ಮೊದಲ ಕೋಟು ಕೆಳಗಿರುವುದು ಅದಕ್ಕೂ ಗೊತ್ತಾಗಿದೆ. ಒಪ್ಪಿಗೆ ಕೊಟ್ಟರು. ಹಾಳೆಯಲ್ಲಿ ‘ಕೋಟು 2, ಆರಂಭ 3.26’ ಎಂದು ಬರೆದರು.

ನಾಲ್ಕು ಗಂಟೆಗೆ ಮೂರನೇ ಕೋಟು ಮುಗಿಯಿತು. ಪೇಂಟರ್ ಮಿಕ್ಸರ್ ಎಂಬ ಸಾಲಿಗೆ ನೆರಳು ಹಾಕುತ್ತಿದ್ದ. ಅವನಿಗೆ ಇನ್ನು ಬರೆಯಲು ಉಳಿದದ್ದು ಐದನೇ ಸಾಲು ಮಾತ್ರ. ಬರೆಯಲಾ ಎಂದು ಅವನು ಈಗ ಕೇಳುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದ. ಮೆಕ್ಯಾನಿಕ್ ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

ನಾಲ್ಕೂ ಹತ್ತಕ್ಕೆ ಹೆಂಡತಿ ಇಳಿದು ಬಂದಾಗ ಪರದೆ ಯಾವ ಭಾಷೆ ಬೇಕು ಎಂದು ನಾಲ್ಕನೇ ಸಲ ಕೇಳುತ್ತಿತ್ತು.

“ಇನ್ನೂ ಶುರೂನೇ ಮಾಡಿಲ್ವಾ?”

“ಶುರುವಾ? ಮೂರು ಕೋಟಾಯ್ತು.”

ಅವರು ಹಾಳೆ ಓದಿದರು. ಆಮೇಲೆ ಏಣಿಯ ಕಡೆ ನೋಡಿದರು. “ಕೋಟು ಅನ್ನೋ ಪದ ಎಲ್ಲಿಂದ ಬಂತು ಅಂತ ನಾನೇನೂ ಕೇಳಲ್ಲ,” ಎಂದರು. ಕೈ ಚಾಚಿ ಪೆನ್‌ಡ್ರೈವ್ ಕಿತ್ತು, ಕಂಪ್ಯೂಟರನ್ನು ಮರು ಆರಂಭಿಸಿದರು.

ಚುಚ್ಚಿದ್ದನ್ನು ಕೀಳುವುದು: ಶಿಕ್ಷಕರು ಹೇಳದೆ ಬಿಟ್ಟ ಮೂರನೆಯ ಮಾತು ಇಷ್ಟೇ. ಪೆನ್‌ಡ್ರೈವ್ ಇಲ್ಲದ ಮೇಲೆ ಕಂಪ್ಯೂಟರ್ ಎರಡನೇ ಸ್ಥಾನದವನನ್ನು ಕರೆಯಿತು. ಎಸ್‌ಎಸ್‌ಡಿ ಎದ್ದಿತು. ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ ಎಂದಿತು, ಒಮ್ಮೆ ತಾನಾಗಿಯೇ ಮರು ಆರಂಭವಾಯಿತು. ಹೆಸರು ಕೇಳಿತು, ಇಂಟರ್‌ನೆಟ್ ಕೇಳಿತು. ಹೆಂಡತಿ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ ಅದನ್ನೂ ಕೊಟ್ಟರು. ಐದಕ್ಕೆ ಐದು ನಿಮಿಷವಿದ್ದಾಗ ನೀಲಿ ಹಿನ್ನೆಲೆಯ ಪೂರ್ತಿ ಪರದೆ ಬಂತು. ಮೂಲೆಯಲ್ಲಿ ಗಡಿಯಾರವೂ ಇತ್ತು.

ಪೇಂಟರ್ ಬ್ರಷ್ಷನ್ನು ಬಣ್ಣಕ್ಕೆ ಅದ್ದಿದ. “ಈಗ?”

ಮೆಕ್ಯಾನಿಕ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. “ನಡೆಸಿದ್ದು ಇವಳು. ನಾನು ಬರೀ ಕೋಟು ಹೊಡೆದೆ. ಹೆಂಗೆ ಬರೆಸ್ಲಿ?”

“ಹಾಗಾದ್ರೆ ‘ಕಂಪ್ಯೂಟರ್, ಅತ್ತಿಗೆ ಮನೇಲಿದ್ರೆ ಮಾತ್ರ’ ಅಂತ ಬರೀತೀನಿ.”

“ನೀನು ಬರೆದ್ರೂ ಇವರು ಅಲ್ಪವಿರಾಮ ತಿದ್ದಿಸ್ತಾರೆ,” ಎಂದರು ಹೆಂಡತಿ. ನಗಲಿಲ್ಲ. ಗಂಡ ಮೂವತ್ತನಾಲ್ಕು ವರ್ಷಗಳಲ್ಲಿ ಐದನೇ ಸಲ ಒಂದು ಸಾಲಿಗಾಗಿ ಕಾದು ನಿಂತದ್ದು ಅವರಿಗೆ ಗೊತ್ತಿತ್ತು.

ಐದಕ್ಕೆ ಸರಿಯಾಗಿ ಡಿಟಿಪಿ ಮೇಡಂ ಬಂದರು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆಸಿ ಒಳಗೆ ಇಣುಕಿದರು. ತಂತಿಗಳ ಜಡೆಯನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿ ಹುಬ್ಬು ಏರಿಸಿದರು.

“ಇದ್ಯಾಕೆ ಹಾಕಿದ್ರಿ ಸರ್? ಬೇಡ ಅಂತ ಬರೆದಿದ್ನಲ್ಲ.”

ಹೆಂಡತಿ ಮೊಳೆಯಿಂದ ಪಟ್ಟಿ ತೆಗೆದು ಎಂಟನೇ ಸಾಲು ಓದಿದರು. ಅದರ ಮುಂದೆ ಗಂಡನ ಟಿಕ್ ಇತ್ತು, ಎಂದಿನಂತೆ ಅಚ್ಚುಕಟ್ಟಾಗಿ.

“ನಾನು ಬಳಸೋದು ಬೇರೆ. ನನ್ನ ಬ್ಯಾಗಲ್ಲೇ ಇರುತ್ತೆ,” ಎಂದು ಮೇಡಂ ತಮ್ಮ ಪೆನ್‌ಡ್ರೈವ್ ಚುಚ್ಚಿದರು. ಬೂಟ್ ಕ್ರಮದ ಗೋಜಿಗೆ ಹೋಗಲಿಲ್ಲ. ಆರಂಭದಲ್ಲಿ ಒಂದು ಕೀ ಒತ್ತಿ, ಈ ಸಲಕ್ಕೆ ಮಾತ್ರ ಇದರಿಂದ ಏಳು ಎಂದು ಆರಿಸಿದರು. ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸಲೇ ಎಂದು ಅದು ಕೇಳಿದಾಗ ಕ್ಷಣವೂ ಯೋಚಿಸದೆ ಹೂಂ ಅಂದರು. ಮೂರು ಕೋಟೂ ಒಟ್ಟಿಗೆ ಹೋದವು.

ಅವರದು ಏರುವಷ್ಟು ಹೊತ್ತು ಮೇಜಿನ ಮೇಲಿನ ಹಾಳೆಯನ್ನು ಮೇಡಂ ಕೈಗೆತ್ತಿಕೊಂಡರು. “ಇದೇನು ಸರ್, ಎರಡು ಸಲ ಬಿಚ್ಚಿ ವೋಲ್ಟೇಜ್ ನೋಡಿದೀರಾ? ಹನ್ನೆರಡರದ್ದು, ಐದರದ್ದು, ಪ್ರೊಸೆಸರ್ ಬಿಸಿ... ಟೈಮ್ ಸಮೇತ. ನನ್ನ ಹಳೇದು ಕೆಟ್ಟಿದ್ದೇ ಪವರ್ ಸಪ್ಲೈಯಿಂದ. ಎರಡು ಅಂಗಡೀಲಿ ಕೇಳಿದೆ, ಒಬ್ರೂ ಮೀಟರ್ ಹಚ್ಲಿಲ್ಲ. ಇದನ್ನ ನಾನು ತಗೊಂಡು ಹೋಗ್ಲಾ?”

“ಕೆಳಗಿನ ಮೂರು ಸಾಲು ಬಿಟ್ಟು,” ಎಂದರು ಮೆಕ್ಯಾನಿಕ್.

“ಕೋಟು ಅಂದ್ರೆ ಏನು?”

“ಅದು ಪೇಂಟಿಂಗ್ ಲೆಕ್ಕ,” ಎಂದರು ಹೆಂಡತಿ.

ಹದಿನೈದು ನಿಮಿಷಕ್ಕೆ ಮುಗಿಯಿತು. ಕೊನೆಯಲ್ಲಿ ಪರದೆಯ ಮೇಲೆ ಒಂದು ಸಾಲು ಬಂತು: ದಯವಿಟ್ಟು ಇನ್‌ಸ್ಟಾಲ್ ಮಾಡಲು ಬಳಸಿದ ಸಾಧನವನ್ನು ತೆಗೆದು ಎಂಟರ್ ಒತ್ತಿ. ಮೆಕ್ಯಾನಿಕ್ ಅದನ್ನು ಎರಡು ಸಲ ಓದಿದರು.

“ಇದು ಮರ್ಯಾದಸ್ತರ ಮನೇದು,” ಎಂದರು ಹೆಂಡತಿಗೆ ಮಾತ್ರ ಕೇಳುವಂತೆ. “ಹೇಳಿ ಹೋಗುತ್ತೆ.”

ಮೇಡಂ ಕಿತ್ತರು, ಒತ್ತಿದರು. ಕಂಪ್ಯೂಟರ್ ಎದ್ದಿತು. ಆಗ ಅದರೊಳಗೆ ಮೆಕ್ಯಾನಿಕ್ ಹೆಂಡತಿಯದೂ, ಶಿಕ್ಷಕರದೂ, ಪೇಂಟರನದೂ ಏನೂ ಉಳಿದಿರಲಿಲ್ಲ. ಉಳಿದದ್ದು ಓರೆಯಾಗಿ ಸಿಕ್ಕಿಸಿ ಒತ್ತಿದ ಎಸ್‌ಎಸ್‌ಡಿ, ತ್ರಿಕೋನ ನೋಡಿ ಕೂರಿಸಿದ ಪ್ರೊಸೆಸರ್, ಜಡೆ ಹೆಣೆದ ತಂತಿ. ಮೇಡಂ ಅದನ್ನು ಎತ್ತಿಕೊಂಡು ಹೊಸ್ತಿಲು ದಾಟಿ, ಆಟೊದ ಸೀಟಿನ ಮೇಲೆ ಮಗುವನ್ನು ಮಲಗಿಸಿದಂತೆ ಇಟ್ಟರು.

ಐದೂ ಇಪ್ಪತ್ತೈದು. ಮೆಕ್ಯಾನಿಕ್ ಏಣಿಯ ಬುಡಕ್ಕೆ ಬಂದು ತಲೆ ಎತ್ತಿದರು.

“ಬರಿ.”

“ಏನಂತ?”

“ಕಂಪ್ಯೂಟರ್ ಜೋಡಣೆ. ಅಷ್ಟೇ. ಮಾಡಿದ್ದು ಅಷ್ಟೇ.”

ಪೇಂಟರ್ ಬರೆದ, ಐದು ನಿಮಿಷದಲ್ಲಿ, ಒಂದೇ ಕೋಟು. ಒಣಗಿದ ಮೇಲೆ ಇನ್ನೊಂದು ಬೇಕಾಗುತ್ತದೆ, ತಾನು ಊರಿಂದ ಬಂದ ಮೇಲೆ ಬಳಿಯುತ್ತೇನೆ ಎಂದು ಹೇಳಿ ಏಣಿ ಇಳಿಸಿಕೊಂಡು ಹೊರಟ.

ಹೆಂಡತಿ ರಸ್ತೆಯ ಆಚೆ ಬದಿಗೆ ಹೋಗಿ ಐದೂ ಸಾಲುಗಳನ್ನು ಓದಿ ಬಂದರು. ಒಳಗೆ ಮೆಕ್ಯಾನಿಕ್ ಪಟ್ಟಿಯನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತಿದ್ದರು. ಎಂಟನೇ ಸಾಲಿನ ಟಿಕ್ ಅಳಿಸಬೇಕೆಂದು ಕೈಗೆತ್ತಿಕೊಂಡ ರಬ್ಬರನ್ನು ಮತ್ತೆ ಡ್ರಾಯರಿಗೆ ಹಾಕಿದರು. ಆ ಟಿಕ್ ಸರಿಯಾಗಿಯೇ ಇತ್ತು.